ಪಾಸ್‌ಪೋರ್ಟ್ ಸೈಜ್ ಫೋಟೊ: ಎಐ ತಯಾರಿಸಿದ್ದನ್ನು ಕಚೇರಿಗಳು ಏಕೆ ಒಪ್ಪುವುದಿಲ್ಲ?

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಇಂದು ಒಂದು ಚಿಕ್ಕ ವಸ್ತುವಿನ ಬಗ್ಗೆ ಮಾತನಾಡಲು ನಮ್ಮನ್ನು ಕೇಳಿದ್ದಾರೆ. ಅದು ಅರ್ಜಿಯ ಬಲ ಮೂಲೆಯಲ್ಲಿ ಅಂಟಿಸುವ, ಅಥವಾ ಈಗ ಅಪ್‌ಲೋಡ್ ಮಾಡುವ, ಪಾಸ್‌ಪೋರ್ಟ್ ಸೈಜ್ ಫೋಟೊ. ಅರ್ಜಿ ತುಂಬಿಸಿಕೊಡುವ ಮೇಜಿನಲ್ಲಿ ನಾವು ಕೂರುತ್ತೇವೆ. ಮೊದಲೆಲ್ಲ ಅಲ್ಲಿ ಬರುತ್ತಿದ್ದ ತೊಂದರೆಗಳೆಂದರೆ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರುವುದು, ಅಂಕಪಟ್ಟಿಯಲ್ಲಿ ಒಂದು ಹೆಸರು ಆಧಾರ್‌ನಲ್ಲಿ ಇನ್ನೊಂದು ಹೆಸರು ಇರುವುದು. ಈಗ ಹೊಸದೊಂದು ಸೇರಿದೆ. ಮಕ್ಕಳು ಸ್ಟುಡಿಯೊಗೆ ಹೋಗುವುದಿಲ್ಲ. ಮೊಬೈಲಿನಲ್ಲಿರುವ ನಾಲ್ಕೈದು ಸಾಮಾನ್ಯ ಫೋಟೊಗಳನ್ನು ಒಂದು ಎಐ ಆ್ಯಪ್‌ಗೆ ಕೊಡುತ್ತಾರೆ. ಅದು ಬಿಳಿ ಹಿನ್ನೆಲೆ, ನೇರ ನೋಟ, ಇಸ್ತ್ರಿ ಮಾಡಿದ ಬಟ್ಟೆ ಎಲ್ಲ ಇರುವ ಅಚ್ಚುಕಟ್ಟಾದ ಚಿತ್ರವೊಂದನ್ನು ಅರೆನಿಮಿಷದಲ್ಲಿ ತಯಾರಿಸಿಕೊಡುತ್ತದೆ. ನೋಡಲು ಸ್ಟುಡಿಯೊ ಫೋಟೊಗಿಂತ ಚೆನ್ನಾಗಿಯೇ ಇರುತ್ತದೆ. ಆದರೂ ಕಚೇರಿಯವರು ಅದನ್ನು ಬೇಡ ಎನ್ನುತ್ತಾರೆ. "ಚೆನ್ನಾಗಿದೆಯಲ್ಲ, ಏಕೆ ಬೇಡ?" ಎಂದು ಅನೇಕ ಪೋಷಕರು ನಮ್ಮನ್ನು ಕೇಳಿದ್ದಾರೆ. ಅವರಿಗೆ ಕೊಡಬೇಕಾದ ಉತ್ತರವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಮೊದಲು ಆ ಆ್ಯಪ್ ಏನು ಮಾಡುತ್ತದೆ ಎಂದು ತಿಳಿಯೋಣ. ನೀವು ಕೊಟ್ಟ ಫೋಟೊಗಳಿಂದ ಮುಖವನ್ನು ಕತ್ತರಿಸಿ ಬಿಳಿ ಕಾಗದದ ಮೇಲೆ ಅಂಟಿಸುತ್ತದೆ ಎಂದು ಹಲವರ ಭಾವನೆ. ಅದು ಹಾಗೆ ಕೆಲಸ ಮಾಡುವುದಿಲ್ಲ. ಅದು ಆ ಫೋಟೊಗಳನ್ನು ನೋಡಿ ಈ ಮುಖ ಸುಮಾರಾಗಿ ಹೀಗಿದೆ ಎಂದು ಗ್ರಹಿಸಿಕೊಂಡು, ಹೊಸ ಚಿತ್ರವನ್ನೇ ಬರೆಯುತ್ತದೆ. ಕೊಟ್ಟ ಫೋಟೊಗಳಲ್ಲಿ ಕಾಣದಿದ್ದ ಭಾಗವನ್ನು, ತಾನು ಕಲಿತ ಲಕ್ಷಗಟ್ಟಲೆ ಬೇರೆಯವರ ಮುಖಗಳ ಆಧಾರದ ಮೇಲೆ, ಇಲ್ಲಿ ಹೀಗಿರಬಹುದು ಎಂದು ಊಹಿಸಿ ತುಂಬುತ್ತದೆ. ನಮ್ಮ ಊರಿನ ಚಿತ್ರಕಾರರೊಬ್ಬರಿಗೆ ಐದು ಫೋಟೊ ತೋರಿಸಿ "ಇವಳು ನೇರವಾಗಿ ಕುಳಿತಂತೆ ಬರೆದುಕೊಡಿ" ಎಂದರೆ ಅವರು ಬರೆದುಕೊಡುತ್ತಾರಲ್ಲ, ಇದೂ ಹಾಗೆಯೇ. ವ್ಯತ್ಯಾಸವೆಂದರೆ ಚಿತ್ರಕಾರರ ಕೆಲಸ ಚಿತ್ರ ಎಂದು ನೋಡಿದ ಕೂಡಲೇ ತಿಳಿಯುತ್ತದೆ, ಯಂತ್ರದ ಕೆಲಸ ಫೋಟೊದಂತೆಯೇ ಕಾಣುತ್ತದೆ.

ಕಚೇರಿಗೆ ಬೇಕಾದದ್ದು ಏನು? ಇಂಥ ವ್ಯಕ್ತಿ ಒಂದು ದಿನ ಕ್ಯಾಮೆರಾದ ಮುಂದೆ ನಿಂತಿದ್ದಾಗ ಅವರ ಮುಖ ಹೀಗಿತ್ತು ಎಂಬ ಸಾಕ್ಷಿ. ಮುಂದೆ ಪರೀಕ್ಷಾ ಕೊಠಡಿಯಲ್ಲೋ ವಿಮಾನ ನಿಲ್ದಾಣದಲ್ಲೋ ಒಬ್ಬರು ಆ ಸಾಕ್ಷಿಯನ್ನು ಎದುರಿಗಿರುವ ಮುಖದ ಜೊತೆ ಹೋಲಿಸಿ ನೋಡುತ್ತಾರೆ. ಎಐ ಚಿತ್ರದಲ್ಲಿರುವ ಮುಖ ಯಾವ ದಿನವೂ ಯಾವ ಕ್ಯಾಮೆರಾದ ಮುಂದೆಯೂ ನಿಂತದ್ದಲ್ಲ. ಅದು ಎಷ್ಟೇ ಹೋಲಲಿ, ತಾನು ಕಾಣದ್ದನ್ನು ಕಂಡೆ ಎನ್ನುವ ಸಾಕ್ಷಿಯಾಗುತ್ತದೆ. ತಿರಸ್ಕಾರಕ್ಕೆ ಮೂಲ ಕಾರಣ ಇದು. ಉಳಿದವೆಲ್ಲ ಇದರಿಂದಲೇ ಹುಟ್ಟುತ್ತವೆ.

ಒಂದು ಪ್ರಸಂಗವನ್ನು ವಿವರವಾಗಿ ಹೇಳುತ್ತೇವೆ. ಹುಡುಗಿಯ ಹೆಸರೂ ಊರೂ ಬೇಡ. ದ್ವಿತೀಯ ಪಿಯುಸಿ ಓದುತ್ತಿದ್ದಳು, ಒಂದು ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಿದ್ದಳು. ಚಿಕ್ಕಪ್ಪನ ಮಗಳ ಶಾದಿಯಲ್ಲಿ ತೆಗೆದ ಎರಡು, ಈದ್ ದಿನದ ಒಂದು ಸೆಲ್ಫಿ, ಕಾಲೇಜಿನ ಪ್ರವಾಸದ ಎರಡು, ಹೀಗೆ ಒಟ್ಟು ಐದು ಫೋಟೊಗಳಿಂದ ಆ್ಯಪ್ ಒಂದು ಚಿತ್ರ ಮಾಡಿಕೊಟ್ಟಿತು. ಅಪ್‌ಲೋಡ್ ಮಾಡಿದಳು, ಅರ್ಜಿ ಸ್ವೀಕಾರವಾಯಿತು. ಕೆಲವು ದಿನಗಳ ನಂತರ ಫೋಟೊ ಸರಿಯಿಲ್ಲ, ಬದಲಿಸಬೇಕು ಎಂಬ ಸಂದೇಶ ಬಂತು. ತಾಯಿ ಮಗಳು ಇಬ್ಬರೂ ಗಾಬರಿಯಿಂದ ನಮ್ಮ ಮೇಜಿಗೆ ಬಂದರು. "ಟೀಚರ್, ಫಾರ್ಮ್ ತಗೊಂಡಿತ್ತಲ್ಲ, ಈಗ ಯಾಕೆ ಬೇಡ ಅಂತಾರೆ?" ಎಂಬುದು ಹುಡುಗಿಯ ಪ್ರಶ್ನೆ.

ಆ ಚಿತ್ರವನ್ನು ದೊಡ್ಡದು ಮಾಡಿ ಹುಡುಗಿಯ ಪಕ್ಕದಲ್ಲಿಟ್ಟು ನೋಡಿದೆವು. ಮೊದಲ ನೋಟಕ್ಕೆ ಅವಳೇ. ಒಂದೊಂದೇ ಭಾಗ ನೋಡುತ್ತಾ ಹೋದಾಗ ಬೇರೆಯೇ ಸಂಗತಿ ತಿಳಿಯಿತು. ಅವಳ ಕೆಳತುಟಿಯ ಎಡಕ್ಕೆ ಒಂದು ಮಚ್ಚೆ ಇದೆ, ಚಿತ್ರದಲ್ಲಿ ಇರಲಿಲ್ಲ. ಚಿಕ್ಕಂದಿನಲ್ಲಿ ಬಿದ್ದು ಹುಬ್ಬಿನಲ್ಲಿ ಒಂದು ಸಣ್ಣ ಗಾಯದ ಗೆರೆ ಇದೆ, ಅಲ್ಲಿ ಕೂದಲು ಬೆಳೆಯುವುದಿಲ್ಲ. ಚಿತ್ರದಲ್ಲಿ ಹುಬ್ಬು ಪೂರ್ತಿಯಾಗಿತ್ತು. ಗಲ್ಲ ಸ್ವಲ್ಪ ಚೂಪಾಗಿತ್ತು, ಮೈಬಣ್ಣ ಒಂದು ಛಾಯೆ ತಿಳಿಯಾಗಿತ್ತು. ಅವಳ ಬಳಿ ಇಲ್ಲವೇ ಇಲ್ಲದ ಕಾಲರಿನ ಕೋಟು ಮೈಮೇಲೆ ಬಂದಿತ್ತು. ಎಲ್ಲಕ್ಕಿಂತ ಹೆಚ್ಚಿನದು ಕಿವಿ. ಅವಳು ಕೊಟ್ಟ ಐದು ಫೋಟೊಗಳಲ್ಲಿಯೂ ತಲೆಯ ಮೇಲೆ ದುಪಟ್ಟಾ ಇತ್ತು, ಕಿವಿ ಒಂದರಲ್ಲೂ ಕಾಣುತ್ತಿರಲಿಲ್ಲ. ಆದರೆ ಆ್ಯಪ್ ಮಾಡಿದ ಚಿತ್ರದಲ್ಲಿ ಎರಡೂ ಕಿವಿಗಳು ಸ್ಪಷ್ಟವಾಗಿದ್ದವು! ಆ ಕಿವಿಗಳು ಯಾರವು? ಯಾರವೂ ಅಲ್ಲ. ಯಂತ್ರ ಊಹಿಸಿ ಬರೆದವು.

ಆಮೇಲೆ ನಾವು ಅದೇ ಐದು ಫೋಟೊಗಳನ್ನು ಅದೇ ಆ್ಯಪ್‌ಗೆ ಇನ್ನೊಮ್ಮೆ ಕೊಡಲು ಹೇಳಿದೆವು. ಬಂದ ಎರಡನೆಯ ಚಿತ್ರದಲ್ಲಿ ಮೂಗು ಸ್ವಲ್ಪ ಅಗಲವಾಗಿತ್ತು, ಕಣ್ಣುಗಳ ನಡುವಿನ ಅಂತರ ಬೇರೆಯಾಗಿತ್ತು, ಕಿವಿಗಳಂತೂ ಪೂರಾ ಬೇರೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಅಕ್ಕ ತಂಗಿಯರ ಹಾಗೆ ಕಾಣುತ್ತಿದ್ದವು. "ಇವೆರಡರಲ್ಲಿ ನೀನು ಯಾರು ಬೇಟಿ?" ಎಂದು ಕೇಳಿದಾಗ ಹುಡುಗಿಗೆ ನಗು ಬಂತು, ವಿಷಯವೂ ಅರ್ಥವಾಯಿತು. ಅಂದೇ ಸ್ಟುಡಿಯೊಗೆ ಹೋಗಿ ಫೋಟೊ ತೆಗೆಸಿ, ಕೊಟ್ಟ ಅವಧಿಯೊಳಗೆ ಬದಲಿಸಿದಳು. ಪರೀಕ್ಷೆಯನ್ನೂ ಬರೆದಳು.

ಈ ಪ್ರಸಂಗದಿಂದ ಎರಡು ಮಾತುಗಳನ್ನು ಬಿಡಿಸಿ ಹೇಳಬೇಕು.

ಮೊದಲನೆಯದು, ಫಾರ್ಮ್ ತೆಗೆದುಕೊಂಡಿತು ಎಂದರೆ ಕಚೇರಿ ಒಪ್ಪಿತು ಎಂದಲ್ಲ. ಅಪ್‌ಲೋಡ್ ಮಾಡುವಾಗ ವೆಬ್‌ಸೈಟು ಹೆಚ್ಚಾಗಿ ನೋಡುವುದು ಕಡತ ಜೆಪಿಜಿ ಆಗಿದೆಯೇ, ಹೇಳಿದ ಕೆಬಿ ಮಿತಿಯೊಳಗಿದೆಯೇ ಎಂಬುದನ್ನು. ನೂರು ಕೆಬಿಯ ಹೂವಿನ ಚಿತ್ರವನ್ನೂ ಕೆಲವು ಜಾಲತಾಣಗಳು ಆ ಹೊತ್ತಿಗೆ ತೆಗೆದುಕೊಂಡುಬಿಡುತ್ತವೆ. ಮುಖವನ್ನು ನೋಡುವ ಪರಿಶೀಲನೆ ಆಮೇಲೆ ನಡೆಯುತ್ತದೆ. ಮೊದಲು ಅರ್ಜಿಗಳ ಪರಿಶೀಲನೆಯಲ್ಲಿ, ನಂತರ ಪರೀಕ್ಷಾ ಕೇಂದ್ರದ ಬಾಗಿಲಿನಲ್ಲಿ, ಅದಾದ ಮೇಲೆ ಸೀಟು ಸಿಕ್ಕಾಗ ದಾಖಲೆ ಪರಿಶೀಲನೆಯಲ್ಲಿ. ಮೊದಲ ಹಂತದಲ್ಲಿಯೇ ಸಿಕ್ಕಿಬಿದ್ದರೆ ಬದಲಿಸಲು ಕೆಲವು ದಿನ ಸಿಗಬಹುದು. ಮೊದಲಲ್ಲಿ ದಾಟಿಹೋಗಿ ಪರೀಕ್ಷೆಯ ದಿನ ಬಾಗಿಲಿನಲ್ಲಿ ಸಿಕ್ಕಿಬಿದ್ದರೆ ಕಷ್ಟ ದೊಡ್ಡದು. ಆದ್ದರಿಂದ "ನನ್ನ ಗೆಳೆಯನದ್ದು ಪಾಸ್ ಆಯಿತಲ್ಲ" ಎಂಬ ಸಮಾಧಾನ ಬೇಡ. ಎಐ ಚಿತ್ರಗಳೆಲ್ಲವೂ ಸಿಕ್ಕಿಬೀಳುತ್ತವೆ ಎಂದು ನಾವು ಹೇಳುವುದಿಲ್ಲ. ಆದರೆ ತಡವಾಗಿ ಸಿಕ್ಕಿಬಿದ್ದಷ್ಟೂ ನಷ್ಟ ಹೆಚ್ಚು.

ನೀಟ್ ಪರೀಕ್ಷೆ ನಡೆಸುವ ಎನ್‌ಟಿಎ ಮಾಹಿತಿ ಪುಸ್ತಿಕೆಯಲ್ಲಿ ಈ ವಿಷಯ ಸ್ಪಷ್ಟವಾಗಿದೆ. ಫೋಟೊದಲ್ಲಿ ಮಾಸ್ಕ್ ಇಲ್ಲದ ಮುಖ 80 ಶೇಕಡದಷ್ಟು ಕಾಣಬೇಕು, ಕಿವಿಗಳೂ ಕಾಣಬೇಕು, ಹಿನ್ನೆಲೆ ಬಿಳಿಯಾಗಿರಬೇಕು. ಫೋಟೊ ವಿರೂಪವಾಗಿದ್ದರೆ, ಕೈಯಿಂದಲೋ ಕಂಪ್ಯೂಟರಿನಿಂದಲೋ ಮಾಡಿದ್ದೆಂದು ಕಂಡರೆ, ಅರ್ಜಿ ತಿರಸ್ಕೃತವಾಗುತ್ತದೆ. ಅಷ್ಟಕ್ಕೇ ನಿಲ್ಲದೆ ಅದನ್ನು ಪರೀಕ್ಷಾ ಅಕ್ರಮ ಎಂದು ಪರಿಗಣಿಸುತ್ತಾರೆ. ಈ ಮಾತನ್ನು ಪೋಷಕರು ಗಮನಿಸಬೇಕು. ಮಗು ಅಂದ ಕಾಣಲೆಂದು ಮಾಡಿದ ಕೆಲಸಕ್ಕೂ, ತನ್ನ ಬದಲು ಬೇರೆಯವರನ್ನು ಪರೀಕ್ಷೆಗೆ ಕೂರಿಸಲು ಮಾಡುವ ಕೆಲಸಕ್ಕೂ ಕಾಗದದ ಮೇಲೆ ವ್ಯತ್ಯಾಸ ಕಾಣುವುದಿಲ್ಲ. ಅಧಿಕಾರಿಗೆ ನಮ್ಮ ಮಗುವಿನ ಮನಸ್ಸು ಕಾಣುವುದಿಲ್ಲ, ಚಿತ್ರ ಮಾತ್ರ ಕಾಣುತ್ತದೆ.

ಎರಡನೆಯದು, ಫೋಟೊ ಒಂದೇ ಸಲದ ಕೆಲಸವಲ್ಲ. ಅರ್ಜಿಗೆ ಹಾಕಿದ ಅದೇ ಫೋಟೊದ ಪ್ರತಿಯನ್ನು ಪರೀಕ್ಷೆಯ ದಿನ ಹಾಜರಿ ಹಾಳೆಗೆ ಅಂಟಿಸಲು ತರಬೇಕೆಂದು ಹೇಳುತ್ತಾರೆ. ಕೌನ್ಸೆಲಿಂಗ್‌ಗೂ ಅದೇ ಬೇಕಾಗಬಹುದು. ಆ್ಯಪ್ ಪ್ರತಿ ಸಲ ಬೇರೆ ಮುಖ ಬರೆಯುತ್ತದೆ ಎಂದು ಆಗಲೇ ಹೇಳಿದೆವು. ಮೊಬೈಲ್ ಕಳೆದುಹೋಗಿ ಇನ್ನೊಮ್ಮೆ ಮಾಡಿಸಿದರೆ ಅರ್ಜಿಯಲ್ಲಿ ಒಂದು ಮುಖ, ಹಾಜರಿ ಹಾಳೆಯಲ್ಲಿ ಇನ್ನೊಂದು ಮುಖ, ಬೆಂಚಿನ ಮೇಲೆ ಕುಳಿತ ಮಗುವಿನದು ಮೂರನೆಯ ಮುಖ.

ಇಷ್ಟು ಸಣ್ಣ ವ್ಯತ್ಯಾಸಕ್ಕೆ ಇಷ್ಟು ಕಟ್ಟುನಿಟ್ಟು ಏಕೆ ಎನ್ನಿಸಬಹುದು. ಇದಕ್ಕೆ ಒಂದು ಹಿನ್ನೆಲೆ ಇದೆ, ಅದು ಜರ್ಮನಿಯದು. ಇಬ್ಬರ ಮುಖಗಳನ್ನು ಕಂಪ್ಯೂಟರಿನಲ್ಲಿ ಬೆರೆಸಿ ಒಂದೇ ಮುಖ ಮಾಡಿದರೆ, ಆ ಫೋಟೊ ಇರುವ ಪಾಸ್‌ಪೋರ್ಟನ್ನು ಇಬ್ಬರೂ ಬಳಸಬಹುದು ಎಂದು ಇಟಲಿಯ ಬೊಲೊನ್ಯಾ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ತೋರಿಸಿದ್ದರು. 2018ರಲ್ಲಿ ಜರ್ಮನಿಯ ಪೆಂಗ್ ಎಂಬ ಹೋರಾಟಗಾರರ ಗುಂಪು ಇದನ್ನು ಮಾಡಿಯೇ ತೋರಿಸಿತು. ತಮ್ಮ ಸದಸ್ಯೆಯೊಬ್ಬರ ಮುಖವನ್ನು, ಆಗ ಐರೋಪ್ಯ ಒಕ್ಕೂಟದ ವಿದೇಶಾಂಗ ಮುಖ್ಯಸ್ಥೆಯಾಗಿದ್ದ ಫೆಡೆರಿಕಾ ಮೊಗೆರಿನಿ ಅವರ ಮುಖದ ಜೊತೆ ಬೆರೆಸಿ ಅರ್ಜಿ ಹಾಕಿದರು. ಆ ಫೋಟೊದ ಮೇಲೆ ನಿಜವಾದ ಪಾಸ್‌ಪೋರ್ಟ್ ಸಿಕ್ಕಿಯೇಬಿಟ್ಟಿತು. ಜರ್ಮನ್ ಸರ್ಕಾರ ಮುಂದೆ ನಿಯಮವನ್ನೇ ಬದಲಿಸಿತು. 2025ರ ಮೇ 1ರಿಂದ ಅಲ್ಲಿ ಅರ್ಜಿದಾರರು ಕಾಗದದ ಫೋಟೊ ತರುವಂತಿಲ್ಲ. ಒಂದೋ ಕಚೇರಿಯಲ್ಲಿಯೇ ಫೋಟೊ ತೆಗೆಸಬೇಕು, ಇಲ್ಲವೇ ನೋಂದಾಯಿತ ಸ್ಟುಡಿಯೊ ತೆಗೆದು ಸುರಕ್ಷಿತ ಮಾರ್ಗದಲ್ಲಿ ನೇರವಾಗಿ ಕಚೇರಿಗೆ ಕಳುಹಿಸಬೇಕು. ಫೋಟೊ ಅರ್ಜಿದಾರರ ಕೈಗೆ ಬಾರದಂತೆ ಮಾಡಿದರು.

ನಮ್ಮ ಮಕ್ಕಳು ಯಾರೊಂದಿಗೂ ಮುಖ ಬೆರೆಸಲು ಹೋಗುವುದಿಲ್ಲ. ಆದರೆ ತಿಳಿಯದೆ ಅದೇ ಆಗಬಹುದು. ಮನೆಯ ಮೊಬೈಲಿನಲ್ಲಿ ಅಕ್ಕ ತಂಗಿಯರ ಫೋಟೊಗಳು ಒಟ್ಟಿಗೇ ಇರುತ್ತವೆ. ಗುಂಪಿನ ಫೋಟೊ ಕೊಟ್ಟಾಗ ಆ್ಯಪ್ ತಂಗಿಯ ಮುಖವನ್ನೂ ಅಕ್ಕನದೇ ಎಂದು ತಿಳಿದು ಎರಡನ್ನೂ ಸೇರಿಸಿ ಬರೆದರೆ, ಅದು ಇಬ್ಬರ ಮುಖ ಬೆರೆತ ಚಿತ್ರವೇ ಆಗುತ್ತದೆ.

ನಮ್ಮ ದೇಶದಲ್ಲಿಯೂ ನೀವು ತಂದ ಫೋಟೊಗಿಂತ ನಾವೇ ತೆಗೆದ ಫೋಟೊ ಮೇಲು ಎಂಬ ಕ್ರಮ ಹಲವು ಕಡೆ ಇದೆ. ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಕೌಂಟರಿನಲ್ಲಿಯೇ ಫೋಟೊ ತೆಗೆಯುತ್ತಾರೆ. 4 ವರ್ಷದೊಳಗಿನ ಮಕ್ಕಳಿಗೆ ಮಾತ್ರ ಬಿಳಿ ಹಿನ್ನೆಲೆಯ 4.5 x 3.5 ಸೆಂಟಿಮೀಟರ್ ಫೋಟೊ ಒಯ್ಯಬೇಕು. ಆಧಾರ್ ಕೇಂದ್ರದಲ್ಲಿಯೂ ಫೋಟೊ ಅಲ್ಲಿಯೇ. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಒಂದು ಸಲದ ನೋಂದಣಿ, ಅಂದರೆ ಒಟಿಆರ್ ಪಡೆಯುವಾಗ, ಮೊಬೈಲ್ ಕ್ಯಾಮೆರಾದ ಮುಂದೆ ಮಗುವೇ ಕುಳಿತು ಮುಖ ದೃಢೀಕರಣ ಮಾಡಬೇಕು. ಅಲ್ಲಿ ಹೋಲಿಕೆ ಆಧಾರ್‌ನಲ್ಲಿರುವ ಮುಖದ ಜೊತೆ. ಅದಕ್ಕಾಗಿ 5 ಮತ್ತು 15ನೆಯ ವಯಸ್ಸಿನ ಕಡ್ಡಾಯ ಆಧಾರ್ ನವೀಕರಣವನ್ನು ಮಾಡಿಸಿರಬೇಕು. ಹದಿನೇಳರ ಹುಡುಗನ ಆಧಾರ್‌ನಲ್ಲಿ ಐದರ ಮಗುವಿನ ಮುಖವಿದ್ದರೆ ಯಂತ್ರ ಹೇಗೆ ಗುರುತಿಸೀತು?

ಗಲ್ಫಿನಲ್ಲಿರುವ ನಮ್ಮ ಬಂಧುಗಳು ಅಲ್ಲಿಯ ಭಾರತೀಯ ರಾಯಭಾರ ಕಚೇರಿಯಲ್ಲಿ ಪಾಸ್‌ಪೋರ್ಟ್ ನವೀಕರಿಸುವಾಗ ಫೋಟೊ ಕೊಡಬೇಕಾಗುತ್ತದೆ. ಆ ನಿಯಮಗಳಲ್ಲಿ ಮೂರನ್ನು ನೆನಪಿಡಿ. ಮುಖ ಫೋಟೊದ 80ರಿಂದ 85 ಶೇಕಡ ಭಾಗ ತುಂಬಿರಬೇಕು. ಕ್ಯಾಮೆರಾ ಒಂದೂವರೆ ಮೀಟರ್ ದೂರದಲ್ಲಿರಬೇಕು. ಕಂಪ್ಯೂಟರ್ ತಂತ್ರಾಂಶದಿಂದ ಫೋಟೊವನ್ನು ಬದಲಿಸಿರಬಾರದು. ಧಾರ್ಮಿಕ ಕಾರಣಕ್ಕೆ ತಲೆ ಮುಚ್ಚಿಕೊಳ್ಳಲು ಅವಕಾಶವಿದೆ, ಆದರೆ ಗಲ್ಲದ ತುದಿಯಿಂದ ಹಣೆಯ ಮೇಲಿನವರೆಗೆ ಮತ್ತು ಮುಖದ ಎರಡೂ ಅಂಚುಗಳು ಕಾಣಬೇಕು.

ಒಂದೂವರೆ ಮೀಟರ್ ಏಕೆ? ಇದರಲ್ಲಿ ಒಂದು ಸಣ್ಣ ಲೆಕ್ಕವಿದೆ. ನಮ್ಮ ಮೂಗಿನ ತುದಿ ಕಿವಿಗಿಂತ ಸುಮಾರು 10 ಸೆಂಟಿಮೀಟರ್ ಮುಂದಿದೆ ಎಂದಿಟ್ಟುಕೊಳ್ಳಿ. ಸೆಲ್ಫಿ ತೆಗೆಯುವಾಗ ಮೂಗಿನಿಂದ ಕ್ಯಾಮೆರಾ 40 ಸೆಂಟಿಮೀಟರ್ ದೂರವಿದ್ದರೆ ಕಿವಿಯಿಂದ 50. ಹತ್ತಿರದ್ದು ದೊಡ್ಡದಾಗಿ ಕಾಣುವುದರಿಂದ ಕಿವಿಗೆ ಹೋಲಿಸಿದರೆ ಮೂಗು ಕಾಲು ಪಾಲು ಹೆಚ್ಚು ದೊಡ್ಡದಾಗಿ ಬರುತ್ತದೆ. ಅದೇ 150 ಸೆಂಟಿಮೀಟರ್ ದೂರದಿಂದ ತೆಗೆದರೆ ಕಿವಿ 160ರಲ್ಲಿ, ಮೂಗು 150ರಲ್ಲಿ. ವ್ಯತ್ಯಾಸ 7 ಶೇಕಡಕ್ಕೆ ಇಳಿಯುತ್ತದೆ. ಅಂದರೆ ಸೆಲ್ಫಿಯಲ್ಲಿಯೇ ಮುಖದ ಅಳತೆ ಕೆಟ್ಟಿರುತ್ತದೆ. ಆ ಕೆಟ್ಟ ಅಳತೆಯನ್ನು ನೋಡಿ ಆ್ಯಪ್ ಹೊಸ ಮುಖ ಬರೆಯುತ್ತದೆ. ಮುಖ ಹೋಲಿಸುವ ಯಂತ್ರಗಳು ನಂಬುವುದು ಕಣ್ಣು, ಮೂಗು, ಬಾಯಿಗಳ ಆಕಾರವನ್ನೂ ಅವುಗಳ ಪರಸ್ಪರ ಅಳತೆಯನ್ನೂ. ನಮ್ಮ ಕಣ್ಣಿಗೆ ಅವಳೇ ಎನ್ನಿಸುವ ಚಿತ್ರ ಯಂತ್ರಕ್ಕೆ ಬೇರೆ ಎನ್ನಿಸುವುದು ಇದರಿಂದಲೇ.

ಮನೆಯಲ್ಲಿಯೇ ಚಿತ್ರವನ್ನು ಪರೀಕ್ಷಿಸಲು ಬೇಕಾದದ್ದು ಬರಿಗಣ್ಣು ಮಾತ್ರ. ಚಿತ್ರವನ್ನು ದೊಡ್ಡದು ಮಾಡಿ ಮಚ್ಚೆ, ಗಾಯದ ಗುರುತು, ಕಿವಿಯ ಆಕಾರ, ಹಲ್ಲಿನ ಸಾಲು ಇವುಗಳನ್ನು ಕನ್ನಡಿಯ ಮುಂದಿನ ಮುಖದ ಜೊತೆ ಹೋಲಿಸಿ. ಎರಡೂ ಕಣ್ಣುಗಳಲ್ಲಿ ಬೆಳಕಿನ ಚುಕ್ಕೆ ಒಂದೇ ದಿಕ್ಕಿನಲ್ಲಿದೆಯೇ ನೋಡಿ. ಕೂದಲು ಅಥವಾ ದುಪಟ್ಟಾದ ಅಂಚು ಹಿನ್ನೆಲೆಯಲ್ಲಿ ಕರಗಿದಂತಿದೆಯೇ, ಚರ್ಮದಲ್ಲಿ ಒಂದು ರಂಧ್ರವೂ ಕಾಣದಂತೆ ಮೇಣದ ಹಾಗಿದೆಯೇ ನೋಡಿ. ಇಂಥದ್ದು ಕಂಡರೆ ಆ ಚಿತ್ರ ಬೇಡ. ಏನೂ ಕಾಣದಿದ್ದರೂ ಅದು ಎಐ ಮಾಡಿದ್ದೆಂದು ನಿಮಗೇ ಗೊತ್ತಿದ್ದರೆ ಆಗಲೂ ಬೇಡ.

ಹಾಗಾದರೆ ಸ್ಟುಡಿಯೊಗೆ ಹೋಗಲೇಬೇಕೇ? ಹೋದರೆ ಒಳ್ಳೆಯದು. ಆದರೆ ಅಲ್ಲಿಯೂ "ಮುಖ ಬೆಳ್ಳಗೆ ಮಾಡಬೇಡಿ, ಕಲೆ ತೆಗೆಯಬೇಡಿ" ಎಂದು ಮೊದಲೇ ಹೇಳಿ. ಅದೂ ತಿದ್ದುಪಡಿಯೇ. ಸ್ಟುಡಿಯೊ ದೂರವಿದ್ದು, ಕಚೇರಿಯ ನಿಯಮದಲ್ಲಿ ಅವಕಾಶವಿದ್ದರೆ ಮನೆಯಲ್ಲಿಯೂ ತೆಗೆಯಬಹುದು. ಕಿಟಕಿಯ ಎದುರಿಗೆ, ಬಿಳಿ ಗೋಡೆಗೆ ಬೆನ್ನು ಮಾಡಿ, ಗೋಡೆಯಿಂದ ಎರಡು ಅಡಿ ಮುಂದೆ ಮಗುವನ್ನು ನಿಲ್ಲಿಸಿ. ಆಗ ಗೋಡೆಯ ಮೇಲೆ ನೆರಳು ಬೀಳುವುದಿಲ್ಲ. ಇನ್ನೊಬ್ಬರು ಒಂದೂವರೆ ಮೀಟರ್ ದೂರದಿಂದ, ಮುಖದ ಎತ್ತರಕ್ಕೆ ಮೊಬೈಲ್ ಹಿಡಿದು, ಹಿಂದಿನ ಕ್ಯಾಮೆರಾದಿಂದ ತೆಗೆಯಲಿ. ಬಿಳಿ ದುಪಟ್ಟಾ ಬಿಳಿ ಗೋಡೆಯಲ್ಲಿ ಕಾಣದೆಹೋಗುತ್ತದೆ, ಗಾಢ ಬಣ್ಣದ್ದು ಹಾಕಿ. ಮೊಬೈಲಿನ ಬ್ಯೂಟಿ ಮೋಡ್ ಹಲವು ಫೋನುಗಳಲ್ಲಿ ತಾನಾಗಿಯೇ ಆನ್ ಆಗಿರುತ್ತದೆ, ಅದನ್ನು ಆಫ್ ಮಾಡಿ. ಹಿನ್ನೆಲೆ ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ಕೂಡ ಬೇಡ, ಅದು ಕಿವಿಯ ಅಂಚನ್ನೂ ಮಸುಕು ಮಾಡುತ್ತದೆ. ಸೈಬರ್ ಸೆಂಟರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವಾಗ ಡಾಕ್ಯುಮೆಂಟ್ ಆಗಿ ಕಳುಹಿಸಿ, ಫೋಟೊ ಆಗಿ ಕಳುಹಿಸಿದರೆ ಸ್ಪಷ್ಟತೆ ಕಡಿಮೆಯಾಗುತ್ತದೆ. ಅಂಚು ಕತ್ತರಿಸುವುದು, ಕೆಬಿ ಕಡಿಮೆ ಮಾಡುವುದು ತಪ್ಪಲ್ಲ. ಮುಖವನ್ನು ಮುಟ್ಟುವುದು ತಪ್ಪು.

ಕಿವಿ ಕಾಣಬೇಕೆಂಬ ನಿಯಮವಿರುವ ಅರ್ಜಿಯಲ್ಲಿ ಹಿಜಾಬ್ ಧರಿಸುವ ಹೆಣ್ಣುಮಕ್ಕಳಿಗೆ ಸಂದೇಹ ಬರುವುದು ಸಹಜ. ಒಂದು ಇಲಾಖೆಯ ನಿಯಮ ಇನ್ನೊಂದಕ್ಕೆ ಅನ್ವಯಿಸುವುದಿಲ್ಲ. ಆದ್ದರಿಂದ ಆ ಪರೀಕ್ಷೆಯ ಮಾಹಿತಿ ಪುಸ್ತಿಕೆಯನ್ನು ಓದಿ, ಅಲ್ಲಿ ಸ್ಪಷ್ಟವಿಲ್ಲದಿದ್ದರೆ ಅವರ ಸಹಾಯವಾಣಿಗೆ ಇಮೇಲ್ ಮಾಡಿ, ಬಂದ ಉತ್ತರವನ್ನು ಇಟ್ಟುಕೊಳ್ಳಿ. ಯಂತ್ರದಿಂದ ಕಿವಿ ಬರೆಸುವುದು ಇದಕ್ಕೆ ಪರಿಹಾರವಲ್ಲ.

ಈ ವರ್ಷದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವವರಿಗೆ ನಮ್ಮ ಕೋರಿಕೆ ಇಷ್ಟೇ. ಕಳೆದ ಆರು ತಿಂಗಳೊಳಗೆ ಕ್ಯಾಮೆರಾದಿಂದ ತೆಗೆದ ಒಂದೇ ಫೋಟೊದ ಎಂಟು ಪ್ರತಿಗಳನ್ನು ಒಂದು ಕವರಿನಲ್ಲಿಡಿ, ಹಿಂಬದಿಯಲ್ಲಿ ತೆಗೆದ ದಿನಾಂಕ ಬರೆಯಿರಿ. ಅದರ ಕಡತವನ್ನು ತಂದೆ ಅಥವಾ ತಾಯಿಯ ಇಮೇಲ್‌ಗೂ ಒಂದು ಸಲ ಕಳುಹಿಸಿಟ್ಟುಕೊಳ್ಳಿ. ನಮ್ಮ ಮೇಜಿಗೆ ಬರುವಾಗ ಮಗುವೂ ಜೊತೆಗೆ ಬರಲಿ. ಫೋಟೊ ಮತ್ತು ಮುಖವನ್ನು ನಾವು ಒಮ್ಮೆ ಹೋಲಿಸಿ ನೋಡಿ ಅರ್ಜಿ ಕಳುಹಿಸುತ್ತೇವೆ.